ಜೇನು ಬಾಟಲಿಯ ಚಿತ್ರವನ್ನು ಬ್ಯಾನರ್‌ಗೆ ಅಗಲಿಸುವಾಗ ನೆರಳು ಹೊಂದಿಸುವುದು

"600×600ರ ಜೇನು ಬಾಟಲಿ ಫೋಟೋವನ್ನು ಔಟ್‌ಪೇಂಟಿಂಗ್‌ನಿಂದ 1800×600 ಮಾಡಿದೆ. ಬಲಗಡೆ ನೆರಳು ಚಿತ್ರದ ಹಳೆಯ ಅಂಚಿನಲ್ಲೇ ಕತ್ತರಿಸಿದಂತೆ ನಿಂತುಬಿಡುತ್ತದೆ. ಏನು ಮಾಡಲಿ?"

ನಮಸ್ಕಾರ. ಹೊಸದಾಗಿ ತುಂಬಬೇಕಾದ ಜಾಗವನ್ನು ಗುರುತಿಸುವ ಮಾಸ್ಕನ್ನು ನೀವು ಹಳೆಯ ಅಂಚಿಗೆ ಸರಿಯಾಗಿ ನಿಲ್ಲಿಸಿರಬಹುದು. ಹಾಗಾದಾಗ ಚಿತ್ರ ಮೂಡಿಸುವ ಎಐ ಮಾದರಿಗೆ ಅಂಚಿನ ಕಪ್ಪು ಪಟ್ಟಿಯು ನೆರಳೋ ಮೇಜಿನ ಬಣ್ಣವೋ ತಿಳಿಯದೆ, ಅದು ತನಗೆ ತೋಚಿದಲ್ಲಿ ಅದನ್ನು ಮುಗಿಸಿಬಿಡುತ್ತದೆ. ಆದ್ದರಿಂದ ಮಾಸ್ಕನ್ನು ಮೂಲ ಚಿತ್ರದೊಳಕ್ಕೆ ಸುಮಾರು 100 ಪಿಕ್ಸೆಲ್ ಎಳೆದು, ತುಂಡಾದ ನೆರಳಿನ ತುದಿಯೂ ಹೊಸದಾಗಿ ಮೂಡುವಂತೆ ಮಾಡಿ, ಆದರೆ ಬಾಟಲಿಯನ್ನು ಮುಟ್ಟಬೇಡಿ. ಸೂಚನೆಯಲ್ಲಿ ಬಾಟಲಿಯ ಹೆಸರನ್ನೇ ಎತ್ತದೆ, ಮರದ ಮೇಜು, ಎಡದಿಂದ ಬರುವ ಕಿಟಕಿಯ ಬೆಳಕು, ಖಾಲಿ ಹಿನ್ನೆಲೆ ಎಂದಷ್ಟೇ ಬರೆಯಿರಿ. ಇಲ್ಲವಾದರೆ ಪಕ್ಕದಲ್ಲಿ ಎರಡನೆಯ ಬಾಟಲಿಯೊಂದು ಮೂಡುವ ಸಂಭವವಿದೆ.

ನೆರಳು ಇಷ್ಟಕ್ಕೂ ಒಗ್ಗದಿದ್ದರೆ, ಅದನ್ನು ಕೈಯಿಂದ ಬರೆಯುವುದೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಹೊಸ ಭಾಗವನ್ನು ನೆರಳಿಲ್ಲದೆ ತುಂಬಿಸಿ, ಮೇಲೊಂದು ಪದರವನ್ನು ಮಲ್ಟಿಪ್ಲೈ ವಿಧಾನದಲ್ಲಿಟ್ಟು, ಉಳಿದ ನೆರಳಿನ ಎರಡೂ ಅಂಚುಗಳನ್ನು ಅದೇ ದಿಕ್ಕಿನಲ್ಲಿ ಮುಂದುವರಿಸಿ. ಕಿಟಕಿಯ ಬೆಳಕಿನಲ್ಲಿ ನೆರಳು ಬುಡದ ಬಳಿ ಸ್ಪಷ್ಟವಾಗಿಯೂ ದೂರ ಹೋದಂತೆ ಮಸುಕಾಗಿಯೂ ತಿಳಿಯಾಗಿಯೂ ಇರುವುದರಿಂದ, ಬ್ಲರ್ ಕೂಡ ತುದಿಯತ್ತ ಹೆಚ್ಚುತ್ತ ಹೋಗಬೇಕು. ಬಣ್ಣ ಅಪ್ಪಟ ಕಪ್ಪಾಗಿರದೆ ನೆರಳಿನ ಛಾಯೆಗೆ ಹೊಂದಿರಲಿ. ಜೇನಿನ ಮೂಲಕ ಹಾದ ಬೆಳಕು ನೆರಳಿನ ನಡುವೆ ಹೊಂಬಣ್ಣ ಚೆಲ್ಲಿದ್ದರೆ ಅದನ್ನೂ ಮುಂದುವರಿಸಿ.

ಕೊನೆಗೆ ಮೂಲ ಬಾಟಲಿಯನ್ನು ಮೇಲಿನ ಪದರದಲ್ಲಿ ಮರಳಿ ಇಡಿ, ಲೇಬಲ್ಲಿನ ಅಕ್ಷರ ಕೆಡುವುದಿಲ್ಲ. ಕರ್ವ್ಸ್‌ನಲ್ಲಿ ಕಾಂಟ್ರಾಸ್ಟ್ ತಾತ್ಕಾಲಿಕವಾಗಿ ವಿಪರೀತ ಏರಿಸಿ ನೋಡಿದರೆ ಅಡಗಿದ್ದ ಬೆಸುಗೆ ಗೆರೆ ಕಾಣುತ್ತದೆ. ಹೊಸ ಭಾಗ ಹೆಚ್ಚು ನುಣುಪಾಗಿ ಕಂಡರೆ, ಮೂಲದಷ್ಟೇ ಗ್ರೇನ್ ಸೇರಿಸಿ.