ತೊಳೆದು ಕೊಟ್ಟು ಕೆಟ್ಟೆ

ಪ್ರಶ್ನೆ: ನಮ್ಮ ಬಾಲ್ಕನಿಯಲ್ಲಿ ಇಪ್ಪತ್ತು ಟ್ರೇ ಹಿಡಿಯುತ್ತವೆ. ಮೈಕ್ರೋಗ್ರೀನ್ಸ್ ಬೆಳೆದು ಅಕ್ಕಪಕ್ಕದ ಮನೆಗಳಿಗೆ ಮಾರಬೇಕೆಂದಿದ್ದೇನೆ. ಮೊದಲೇ ಗ್ರೋ ಲೈಟ್ ಕೊಳ್ಳಬೇಕೇ?

ಬೇಡ. ಆ ದೀಪವನ್ನು ನಾನೂ ಕೊಂಡಿದ್ದೆ, ಅದೂ ತಪ್ಪು ಕಾರಣಕ್ಕೆ. ಈಗ ಅದರ ಕೆಳಗೆ ನಿಂತು ಬಟ್ಟೆ ಇಸ್ತ್ರಿ ಮಾಡುತ್ತೇನೆ.

ನನ್ನದು ಹನ್ನೆರಡು ಮನೆಗಳ ವ್ಯಾಪಾರ. ಪ್ರತಿ ಶನಿವಾರ ಬೆಳಿಗ್ಗೆ ಮನೆಗೆ 50 ಗ್ರಾಂ ಮೂಲಂಗಿ ಮೈಕ್ರೋಗ್ರೀನ್ಸ್, ಅಂದರೆ ಎಳೆಯದಿರುವಾಗಲೇ ಕೊಯ್ದು ತಿನ್ನುವ ಸಸಿ. ಬೆಳೆಯುವುದು ನಿಜಕ್ಕೂ ಸುಲಭ. 25 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದದ ಟ್ರೇಯಲ್ಲಿ ಎರಡು ಬೆರಳು ದಪ್ಪ ಕೋಕೋಪೀಟ್ ಎಂಬ ತೆಂಗಿನ ಸಿಪ್ಪೆಯ ಪುಡಿ, ಅದರ ಮೇಲೆ ಸುಮಾರು 30 ಗ್ರಾಂ ಬೀಜ. ಮೂರು ದಿನ ಭಾರ ಹೇರಿ ಕತ್ತಲಲ್ಲಿಟ್ಟು, ಆಮೇಲೆ ಬೆಳಕಿಗೆ ತಂದರೆ ಎಂಟನೆಯ ದಿನಕ್ಕೆ ಕೊಯ್ಲು. ಟ್ರೇಗೆ 250 ಗ್ರಾಂ ಆಸುಪಾಸು ಸಿಗುತ್ತಿತ್ತು. ಮೂರು ಟ್ರೇ ಸಾಕಾಗಿತ್ತು.

ಕೆಟ್ಟದ್ದು ಕೊಯ್ದ ಮೇಲೆ. ಕೊಳ್ಳುವವರು ಆರೋಗ್ಯದ ಬಗ್ಗೆ ಕಾಳಜಿ ಇರುವವರು, ತೊಳೆಯದೆ ಕೊಟ್ಟರೆ ಏನೆಂದುಕೊಂಡಾರು ಎಂದು ಎರಡೆರಡು ನೀರಿನಲ್ಲಿ ತೊಳೆದೆ. ಜಾಲರಿಯಲ್ಲಿ ಸೋಸಿ ಗಾಳಿಯಾಡದ ಡಬ್ಬಿಗೆ ತುಂಬಿದೆ. ಸಾಲದ್ದಕ್ಕೆ, ತೂಕ ಚೆನ್ನಾಗಿ ಬರಲೆಂದು ಕೊಯ್ಯುವ ಮುಂಚೆ ಮೇಲಿನಿಂದ ನೀರನ್ನೂ ಚಿಮುಕಿಸುತ್ತಿದ್ದೆ. ಶನಿವಾರ ಎಲ್ಲರೂ ಹೊಗಳಿದರು. ಮಂಗಳವಾರದಿಂದ ಫೋನು ಬರತೊಡಗಿತು: ಡಬ್ಬಿಯ ತಳದಲ್ಲಿ ಲೋಳೆ, ಹಳಸಿದ ವಾಸನೆ. ಒಂದು ತಿಂಗಳಲ್ಲಿ ಹನ್ನೆರಡರಲ್ಲಿ ಏಳು ಮನೆಗಳು ಬಿಟ್ಟುಹೋದವು.

ನಾನು ಮೊದಲು ಬೀಜವನ್ನು ದೂರಿದೆ, ಆಮೇಲೆ ಕೋಕೋಪೀಟನ್ನು. ಕೊನೆಗೆ, ಬೆಳಕು ಸಾಲದೆ ಸಸಿ ಬಲಿಯುತ್ತಿಲ್ಲ ಎಂದು ನಿರ್ಧರಿಸಿ ದೀಪ ತಂದೆ. ಅದರ ಕೆಳಗೆ ಬೆಳೆದದ್ದೂ ಮೂರೇ ದಿನಕ್ಕೆ ಕೊಳೆಯಿತು. ಆಗ ಒಂದೇ ಟ್ರೇಯ ಅರ್ಧವನ್ನು ತೊಳೆದು, ಇನ್ನರ್ಧವನ್ನು ತೊಳೆಯದೆ ಒಂದೇ ಬಗೆಯ ಎರಡು ಡಬ್ಬಿಗಳಲ್ಲಿ ಫ್ರಿಜ್‌ಗಿಟ್ಟೆ. ತೊಳೆದದ್ದು ನಾಲ್ಕನೆಯ ದಿನ ಎಸೆಯುವಂತಾಯಿತು. ತೊಳೆಯದ್ದು ಎಂಟನೆಯ ದಿನವೂ ಮುರಿದರೆ ಟಕ್ಕೆನ್ನುತ್ತಿತ್ತು.

ಕಾರಣ ಸರಳ. ಇಷ್ಟು ಎಳೆಯ ಕಾಂಡವನ್ನು ಕತ್ತರಿಸಿದ ತುದಿಯಲ್ಲಿ ರಸ ಒಸರುತ್ತದೆ. ಒಂದಕ್ಕೊಂದು ಅಂಟಿದ ಎಲೆಗಳ ನಡುವೆ ನೀರಿನ ಪೊರೆ ನಿಂತರೆ, ಆ ರಸದ ಮೇಲೆ ಬ್ಯಾಕ್ಟೀರಿಯಾಗಳು ಬೆಳೆಯಲು ಬೇರೇನೂ ಬೇಡ. ಕೊಯ್ದ ಸಸಿಯೂ ಉಸಿರಾಡುತ್ತದೆ, ಬಿಸಿ ಹುಟ್ಟಿಸುತ್ತದೆ. ಬೆಚ್ಚಗಿರುವಾಗಲೇ ಮುಚ್ಚಳ ಹಾಕಿ ಫ್ರಿಜ್‌ಗಿಟ್ಟರೆ ಒಳಗೆಲ್ಲ ಬೆವರು. ಜಾಲರಿಯಲ್ಲಿ ಸೋಸಿದ್ದು ಒಣಗಿದೆ ಎಂದು ನಂಬಬೇಡಿ. ಡಬ್ಬಿ ಬೋರಲು ಹಾಕಿ ನೋಡಿ: ಎಲೆಗಳು ಬಿಡಿಬಿಡಿಯಾಗಿ ಉದುರಿದರೆ ಸರಿ, ಮುದ್ದೆಯಾಗಿ ಬಿದ್ದರೆ ಅದನ್ನು ಮಾರಬೇಡಿ.

ಈಗ ಶುಕ್ರವಾರ ಮಧ್ಯಾಹ್ನ ಕೊನೆಯ ನೀರು, ಅದೂ ತಳದ ತಟ್ಟೆಗೆ ಮಾತ್ರ. ಶನಿವಾರ ನಸುಕಿನಲ್ಲಿ, ತಂಪಿರುವಾಗ, ಕೋಕೋಪೀಟಿಗಿಂತ ಒಂದು ಬೆರಳು ಮೇಲೆ ಕತ್ತರಿ. ಬಟ್ಟೆಯ ಮೇಲೆ ಅರ್ಧ ಗಂಟೆ ಹರವಿ, ಫ್ರಿಜ್‌ನಲ್ಲಿ ತಣಿಸಿ, ಒಂದು ಟಿಶ್ಯೂ ಹಾಸಿದ ಡಬ್ಬಿಗೆ ಸಡಿಲವಾಗಿ ತುಂಬುತ್ತೇನೆ. ಮೇಲೆ ಚೀಟಿ: "ತೊಳೆದಿಲ್ಲ. ತಿನ್ನುವ ಮುಂಚೆ ತೊಳೆಯಿರಿ." ಈ ಚೀಟಿ ನೋಡಿ ಯಾರೂ ಬೇಸರಿಸಿಲ್ಲ.

ದೀಪದ ಮಾತಿಗೆ ಬಂದರೆ, ಮಧ್ಯಾಹ್ನದ ಉರಿಬಿಸಿಲು ತಾಗದೆ ಓದುವಷ್ಟು ಬೆಳಕು ದಿನವಿಡೀ ಬರುವ ಬಾಲ್ಕನಿ ಮೂಲಂಗಿಗೆ ಸಾಕು. ಸಸಿ ಹಳದಿಯಾಗಿ, ಕಡ್ಡಿಯಂತೆ ನೀಳವಾಗಿ ಒರಗಿದರೆ ಮಾತ್ರ ದೀಪದ ಯೋಚನೆ ಮಾಡಿ.

ಇನ್ನು, "ಇಪ್ಪತ್ತು ಟ್ರೇ ಹಿಡಿಯುತ್ತವೆ" ಎಂಬ ಲೆಕ್ಕವೇ ನನಗೆ ಹಿಡಿಸಲಿಲ್ಲ. ಜಾಗವನ್ನಲ್ಲ, ಮನೆಗಳನ್ನು ಎಣಿಸಿ, ಕೊಡುವ ದಿನದಿಂದ ಹಿಂದಕ್ಕೆ ಬನ್ನಿ. ಶನಿವಾರ ಕೊಡಬೇಕಾದ ಮೂಲಂಗಿಯನ್ನು ಹಿಂದಿನ ವಾರದ ಶುಕ್ರವಾರ ಬಿತ್ತಬೇಕು. ಹನ್ನೊಂದು ದಿನ ಹಿಡಿಯುವ ಸೂರ್ಯಕಾಂತಿಯಾದರೆ ಅದೇ ವಾರದ ಮಂಗಳವಾರವೇ ಬಿತ್ತಬೇಕು, ಹಿಂದಿನ ರಾತ್ರಿ ನೆನೆಸಿಟ್ಟು. ಇಪ್ಪತ್ತು ಟ್ರೇ ಒಟ್ಟಿಗೆ ಬಿತ್ತಿದರೆ ಐದು ಕಿಲೋ ಸೊಪ್ಪು ಒಂದೇ ಬೆಳಿಗ್ಗೆ ನಿಮ್ಮ ಮುಂದೆ ನಿಲ್ಲುತ್ತದೆ. ನಿಮ್ಮ ಫ್ರಿಜ್ ಎಷ್ಟು ದೊಡ್ಡದು?

ಬಿತ್ತನೆಗೆಂದು ಬಣ್ಣದ ಔಷಧ ಲೇಪಿಸಿದ ಬೀಜವನ್ನು ಮುಟ್ಟಲೇಬೇಡಿ, ಅದು ತಿನ್ನುವ ಎಳೆಸಸಿಗಲ್ಲ.

ಬಿಟ್ಟುಹೋದ ಏಳರಲ್ಲಿ ಮೂರು ಮನೆಗಳು ಮರಳಿ ಬಂದವು. ಅವರು ಈಗ ಡಬ್ಬಿಯನ್ನು ಕೇಳುವುದಿಲ್ಲ. ಅಂಗೈಯಗಲದ ಪುಟ್ಟ ಟ್ರೇಯಲ್ಲಿ ಬೇರುಸಹಿತ ಒಯ್ದು, ಬೇಕಾದಾಗ ತಾವೇ ಕತ್ತರಿಸಿಕೊಳ್ಳುತ್ತಾರೆ. ಇವತ್ತು ಶುರು ಮಾಡುವುದಾದರೆ ನಾನು ಅದೊಂದನ್ನೇ ಮಾರುತ್ತಿದ್ದೆ.