ಸೀಲ್ ಬಿದ್ದ ಸ್ಲಿಪ್ ಸಾಲದು, ಯುಟಿಆರ್ ನಂಬರ್ ಬೇಕು

ಪ್ರಶ್ನೆ: ಕಾಫಿ ಪಲ್ಪರ್ ಮೆಷಿನ್‌ಗೆ ಚಿಕ್ಕಮಗಳೂರಿನ ಅಂಗಡಿಯವರಿಗೆ 2,60,000 ರೂಪಾಯಿ ಕೊಡಬೇಕಿತ್ತು. ಬ್ಯಾಂಕಿಗೆ ಹೋಗಿ ಚೆಕ್ ಕೊಟ್ಟು ಆರ್‌ಟಿಜಿಎಸ್ ಮಾಡಿಸಿದೆ. ಸೀಲ್ ಹಾಕಿದ ಸ್ಲಿಪ್‌ನ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದೆ. ಅವರು ‘ಇದರಲ್ಲಿ ಯುಟಿಆರ್ ನಂಬರ್ ಇಲ್ಲ, ದುಡ್ಡೂ ಬಂದಿಲ್ಲ’ ಅಂತಾರೆ. ಬಾಕಿ 85,000 ರೂಪಾಯಿಯನ್ನು ಮಗ ಮೊಬೈಲಿನಲ್ಲಿ ನೆಫ್ಟ್ ಮಾಡುತ್ತಾನೆ. ರಸೀದಿ ಕಳಿಸುವ ಮುಂಚೆ ಏನು ನೋಡಬೇಕು?
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಅಂಗಡಿಯವರು ಕೇಳುತ್ತಿರುವುದು ಸರಿಯಾಗಿಯೇ ಇದೆ. ಕೌಂಟರಿನಲ್ಲಿ ಸೀಲ್ ಹಾಕಿ ಕೊಟ್ಟ ಸ್ಲಿಪ್, ನಿಮ್ಮ ಅರ್ಜಿ ಮತ್ತು ಚೆಕ್ಕನ್ನು ಬ್ಯಾಂಕು ತೆಗೆದುಕೊಂಡಿದೆ ಎಂದಷ್ಟೇ ಹೇಳುತ್ತದೆ. ಹಣ ಹೊರಟಿತು ಎಂದು ಅದು ಹೇಳುವುದಿಲ್ಲ. ಸಿಬ್ಬಂದಿ ಅರ್ಜಿಯನ್ನು ಕಂಪ್ಯೂಟರಿಗೆ ಹಾಕಿ, ಇನ್ನೊಬ್ಬ ಅಧಿಕಾರಿ ಒಪ್ಪಿಗೆ ಕೊಟ್ಟ ಮೇಲೆ ಹಣ ಹೊರಡುತ್ತದೆ. ಆ ಒಂದು ವ್ಯವಹಾರಕ್ಕೆಂದೇ ಇರುವ ಗುರುತಿನ ಸಂಖ್ಯೆ, ಅಂದರೆ ಯುಟಿಆರ್ ನಂಬರ್ ಹುಟ್ಟುವುದೂ ಆಗಲೇ. ಕೌಂಟರಿನಲ್ಲಿ ರಶ್ ಇದ್ದರೆ ಇದಕ್ಕೆ ಹೊತ್ತು ಹಿಡಿಯಬಹುದು. ಅಷ್ಟರೊಳಗೆ ತೆಗೆದ ಫೋಟೊದಲ್ಲಿ ಆ ನಂಬರ್ ಇರಲು ಸಾಧ್ಯವೇ ಇಲ್ಲ, ಅಲ್ವಾ?

ಈಗ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಇಲ್ಲವೇ ಆ್ಯಪ್‌ನಲ್ಲಿ ಸ್ಟೇಟ್‌ಮೆಂಟ್ ತೆಗೆಯಿರಿ. 2,60,000 ಕಳೆದಿರುವ ಸಾಲಿನ ವಿವರದಲ್ಲಿ ಸಾಮಾನ್ಯವಾಗಿ ಯುಟಿಆರ್ ಇರುತ್ತದೆ. ಎಷ್ಟೋ ಸಲ ಎಸ್‌ಎಂಎಸ್‌ನಲ್ಲೂ ಬಂದಿರುತ್ತದೆ. ಎರಡೂ ಕಡೆ ಸಿಗದಿದ್ದರೆ ಸ್ಲಿಪ್ ಹಿಡಿದುಕೊಂಡು ಶಾಖೆಗೆ ಹೋಗಿ ಕೇಳಿ, ಬರೆದು ಕೊಡುತ್ತಾರೆ.

ಸಿಕ್ಕಿದ ನಂಬರ್ ನಿಜವಾಗಿ ಯುಟಿಆರ್ ಹೌದೋ ಅಲ್ಲವೋ ಎಂದು ನೀವೇ ನೋಡಿ ಹೇಳಬಹುದು. ಆರ್‌ಟಿಜಿಎಸ್‌ನದ್ದಾದರೆ ಅದರಲ್ಲಿ ಅಕ್ಷರ, ಅಂಕಿ ಎಲ್ಲಾ ಸೇರಿ 22 ಇರಬೇಕು. ಒಂದು ಮಾದರಿ ನೋಡಿ:

```
ABCDR12025061200012345
```

ಮೊದಲ ನಾಲ್ಕು ಅಕ್ಷರ ಕಳಿಸಿದ ಬ್ಯಾಂಕಿನ ಗುರುತು. ನಿಮ್ಮ ಬ್ಯಾಂಕಿನ ಐಎಫ್‌ಎಸ್‌ಸಿಯ ಮೊದಲ ನಾಲ್ಕು ಅಕ್ಷರಕ್ಕೆ ಅದು ಹೊಂದಬೇಕು. ಆಮೇಲಿನ R ಎಂದರೆ ಆರ್‌ಟಿಜಿಎಸ್. ಅದರ ಪಕ್ಕದ ಒಂದು ಅಂಕಿ, ಹಣ ಯಾವ ದಾರಿಯಲ್ಲಿ ಹೋಯಿತು ಎಂದು ಬ್ಯಾಂಕು ಹಾಕುವ ಗುರುತು. ಮುಂದಿನ ಎಂಟು ಅಂಕಿ ತಾರೀಕು. ಈ ಮಾದರಿಯಲ್ಲಿ 2025, ಜೂನ್ 12. ಕೊನೆಯ ಎಂಟು ಅಂಕಿ ಕ್ರಮಸಂಖ್ಯೆ. ನೀವು ಚೆಕ್ ಕೊಟ್ಟ ದಿನಕ್ಕೂ ಒಳಗಿನ ತಾರೀಕಿಗೂ ತಾಳೆಯಾಗದಿದ್ದರೆ, ಕಣ್ಣಿಗೆ ಬಿದ್ದದ್ದು ಬೇರೆ ವ್ಯವಹಾರದ ನಂಬರ್ ಇರಬಹುದು. ಇಲ್ಲವೇ ಹಣ ಹೊರಟದ್ದೇ ಬೇರೆ ದಿನ. ಇನ್ನೊಂದು ಉಪಯೋಗವೂ ಇದೆ. R ಆದ ಮೇಲೆ ಬರುವುದೆಲ್ಲ ಅಂಕಿಯೇ. ಹಾಗಾಗಿ ಅಲ್ಲಿ ಕಾಣುವ ದುಂಡನೆಯದು ಸೊನ್ನೆಯೇ ಹೊರತು ಇಂಗ್ಲಿಷಿನ ‘ಓ’ ಅಲ್ಲ.

ನೆಫ್ಟ್ ಯುಟಿಆರ್ ಸಾಮಾನ್ಯವಾಗಿ 16 ಅಕ್ಷರ-ಅಂಕಿಗಳದ್ದು. ಅದರ ರೂಪ ಎಲ್ಲಾ ಬ್ಯಾಂಕಿನಲ್ಲೂ ಒಂದೇ ತರ ಇರುವುದಿಲ್ಲ. ನಿಮ್ಮ ಮಗ ಎಡವಬಹುದಾದ ಜಾಗ ಇದು. ಹಣ ಕಳಿಸಿದ ತಕ್ಷಣ ಆ್ಯಪ್ ಹಸಿರು ಗುರುತು ತೋರಿಸಿ, ಕೆಳಗೊಂದು ರೆಫರೆನ್ಸ್ ನಂಬರ್ ಕೊಡುತ್ತದೆ. ಕೆಲವು ಆ್ಯಪ್‌ಗಳಲ್ಲಿ ಅದು ಆ ಬ್ಯಾಂಕಿನ ಒಳಗಿನ ನಂಬರ್ ಮಾತ್ರ. ಅಂಗಡಿಯವರ ಬ್ಯಾಂಕಿನಲ್ಲಿ ಅದನ್ನು ಹುಡುಕಿದರೆ ಏನೂ ಸಿಗುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದೇ ವ್ಯವಹಾರವನ್ನು ಮತ್ತೆ ತೆರೆದು, UTR ಎಂದು ಬರೆದಿರುವ ಸಾಲನ್ನು ನೋಡಲಿ.

ಇನ್ನು ಹಣ ಪಡೆಯುವವರ ವಿವರ. ನನ್ನ ಪ್ರಕಾರ ಜನ ಜಾಸ್ತಿ ಮೋಸಹೋಗುವುದು ಇಲ್ಲಿಯೇ. ರಸೀದಿಯಲ್ಲಿ ಅಂಗಡಿಯ ಹೆಸರು ಸರಿಯಾಗಿದೆ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಎಷ್ಟೋ ರಸೀದಿಗಳಲ್ಲಿ ಕಾಣುವುದು ನೀವೇ ಫಾರಂನಲ್ಲಿ ಬರೆದ ಹೆಸರು. ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಹಣ ಜಮಾ ಆಗುವುದು ಖಾತೆ ನಂಬರ್ ನೋಡಿ. ಹೆಸರು ಹೊಂದುತ್ತದೆಯೇ ಎಂದು ಆ ಕಡೆಯ ಬ್ಯಾಂಕು ನೋಡಲೇಬೇಕೆಂದಿಲ್ಲ.

ಅಂಗಡಿಯವರ ಖಾತೆ ನಂಬರಿನ ಕೊನೆ 4627 ಎಂದಿಟ್ಟುಕೊಳ್ಳಿ. ಫಾರಂನಲ್ಲಿ ಅದು 4267 ಆಗಿಬಿಟ್ಟಿದೆ. ಆ ಬ್ಯಾಂಕಿನಲ್ಲಿ ಅಂಥ ಖಾತೆಯೇ ಇಲ್ಲದಿದ್ದರೆ ಹಣ ವಾಪಸ್ ಬರುತ್ತದೆ. ಆರ್‌ಟಿಜಿಎಸ್ ಆದರೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ. ಆಗ ಸ್ಟೇಟ್‌ಮೆಂಟ್‌ನಲ್ಲಿ ಹಣ ಕಳೆದ ಒಂದು ಸಾಲು, ಆಮೇಲೆ ಅಷ್ಟೇ ಹಣ ಮರಳಿ ಜಮಾ ಆದ ಇನ್ನೊಂದು ಸಾಲು ಕಾಣುತ್ತದೆ. ಮೊದಲ ಸಾಲಿನ ಯುಟಿಆರ್ ಅಸಲಿಯೇ. ಆದರೂ ಅದನ್ನು ಪಾವತಿಗೆ ಸಾಕ್ಷಿ ಎಂದು ಕಳಿಸುವಂತಿಲ್ಲ. ಅದಕ್ಕೇ ಯುಟಿಆರ್ ಸಿಕ್ಕಿತು ಎಂದು ಸುಮ್ಮನಾಗಬೇಡಿ, ಅದರ ನಂತರದ ಸಾಲುಗಳನ್ನೂ ಓದಿ.

4267 ಎಂಬ ಖಾತೆ ಬೇರೊಬ್ಬರದ್ದಾಗಿದ್ದರೆ ಕಷ್ಟ. ಹಣ ಅವರಿಗೆ ಜಮಾ ಆಗಿಬಿಡುತ್ತದೆ. ನಿಮ್ಮ ಬ್ಯಾಂಕು ಆ ಬ್ಯಾಂಕನ್ನು ಕೇಳಬಹುದು, ಆದರೆ ಆ ಖಾತೆದಾರರು ಒಪ್ಪದೆ ಹಣ ತೆಗೆದುಕೊಡಲು ಸಾಮಾನ್ಯವಾಗಿ ಆಗುವುದಿಲ್ಲ. ಗೊತ್ತಾದ ಗಳಿಗೆಯಲ್ಲೇ ಶಾಖೆಗೆ ಬರೆದು ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ಪಡೆಯಬೇಕು.

ಹಾಗಾಗಿ ಅಂಗಡಿಯವರಿಂದ ಕ್ಯಾನ್ಸಲ್ ಮಾಡಿದ ಚೆಕ್ ಅಥವಾ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ತರಿಸಿಕೊಳ್ಳಿ. ಖಾತೆ ನಂಬರನ್ನು ಎರಡೆರಡೇ ಅಂಕಿಯಾಗಿ ರಸೀದಿಯ ಜೊತೆ ತಾಳೆ ನೋಡಿ. ರಸೀದಿಯಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಇದ್ದರೆ, ಹಣ ಪಡೆಯುವವರದ್ದೆಂದು ಸೇರಿಸಿದ ಖಾತೆಯ ಪೂರ್ತಿ ನಂಬರನ್ನು ಆ್ಯಪ್‌ನಲ್ಲಿ ತೆರೆದು ನೋಡಿ. ಮಗನಿಗೆ ಇನ್ನೊಂದು ಅನುಕೂಲವಿದೆ. ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ ಹಾಕಿದರೆ ಬ್ಯಾಂಕಿನಲ್ಲಿ ದಾಖಲಾದ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿತ್ತು. ಇದಕ್ಕೆ ಗ್ರಾಹಕರಿಂದ ಶುಲ್ಕವಿಲ್ಲ. ಶಾಖೆಗೆ ಹೋದಾಗಲೂ ಕೇಳಬಹುದು. ಅಲ್ಲಿ ಅಂಗಡಿಯ ಬದಲು ಮಾಲೀಕರ ಹೆಸರು ಬಂದರೆ ಗಾಬರಿ ಬೇಡ, ಸಣ್ಣ ಅಂಗಡಿಗಳಲ್ಲಿ ಹಾಗಿರುವುದುಂಟು. ಆದರೆ ಅವರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ಕಳಿಸಲಿ.

ಹಣ ತಲುಪುವ ಹೊತ್ತನ್ನೂ ತಿಳಿದಿರಿ. ಆರ್‌ಟಿಜಿಎಸ್ ಹಣ, ಆ ಕಡೆಯ ಬ್ಯಾಂಕಿಗೆ ಸಂದೇಶ ಹೋದ 30 ನಿಮಿಷದೊಳಗೆ ಜಮಾ ಆಗಬೇಕು. ನೆಫ್ಟ್ ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ. 11 ಗಂಟೆ 10 ನಿಮಿಷಕ್ಕೆ ಕಳಿಸಿದ್ದು ಹನ್ನೊಂದೂವರೆ ಕಂತಿಗೆ ಸೇರಿದರೆ, ಅಲ್ಲಿಂದ ಎರಡು ಗಂಟೆ, ಅಂದರೆ ಒಂದೂವರೆಯವರೆಗೆ ಕಾಯಬೇಕಾದೀತು. ಅವರ ಖಾತೆಗೆ ಜಮಾ ಆಯಿತು ಎಂದು ನಿಮ್ಮ ಬ್ಯಾಂಕಿನಿಂದ ಎಸ್‌ಎಂಎಸ್ ಬಂದರೆ, ರಸೀದಿಯ ಜೊತೆ ಅದನ್ನೂ ಕಳಿಸಿ.

ಕಳಿಸುವಾಗ ನಿಮ್ಮ ಖಾತೆಯ ಬ್ಯಾಲೆನ್ಸ್ ಮತ್ತು ಪೂರ್ತಿ ಖಾತೆ ನಂಬರ್ ಮುಚ್ಚಿ. ತಾರೀಕು, ಮೊತ್ತ, ಅಂಗಡಿಯವರ ಖಾತೆಯ ಕೊನೆಯ ನಾಲ್ಕು ಅಂಕಿ ಮತ್ತು ಯುಟಿಆರ್ ಕಾಣಲಿ. ಯುಟಿಆರನ್ನು ಫೋಟೊದ ಕೆಳಗೆ ಟೈಪ್ ಮಾಡಿಯೂ ಹಾಕಿ. ಚಿತ್ರ ನೋಡಿ 22 ಅಂಕಿ-ಅಕ್ಷರ ಬರೆದುಕೊಳ್ಳುವಾಗ ಒಂದು ತಪ್ಪಿದರೂ, ಹುಡುಕಿದಾಗ ಅವರಿಗೆ ಆ ವ್ಯವಹಾರ ಸಿಗುವುದಿಲ್ಲ.

ಇಷ್ಟಾದ ಮೇಲೂ ‘ಬಂದಿಲ್ಲ’ ಎಂದರೆ, ಅದೇ ಯುಟಿಆರ್ ಹಿಡಿದು ಅವರ ಬ್ಯಾಂಕಿನಲ್ಲಿ ವಿಚಾರಿಸಲು ಹೇಳಿ. ಅದೇ ದಿನ ನೀವೂ ನಿಮ್ಮ ಶಾಖೆಯಲ್ಲಿ ದೂರು ಬರೆದು ಕೊಡಿ. 2,60,000ದ ವಿಷಯ ಇತ್ಯರ್ಥ ಆಗುವ ತನಕ 85,000ವನ್ನು ಅದೇ ಖಾತೆ ನಂಬರಿಗೆ ಕಳಿಸಬೇಡಿ.