ಆಪ್ತಸಲಹೆ ಪ್ರಕರಣ: “ನನ್ನ ಕಾನ್ಫಿಡೆನ್ಸ್ ಹೆಚ್ಚಿಸಿ”

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕಟ್ಟಡ ವಿನ್ಯಾಸದ ಎಂಜಿನಿಯರ್, ವಯಸ್ಸು 34. ಅವರ ಒಂದು ಲೆಕ್ಕದಲ್ಲಿ ತಪ್ಪಿರುವುದು ಪರಿಶೀಲನೆಯಲ್ಲಿ ಸಿಕ್ಕಿತ್ತು, ಯಾರಿಗೂ ತೊಂದರೆಯಾಗುವ ಮೊದಲೇ ತಿದ್ದಿಯೂ ಆಗಿತ್ತು. ಆದರೂ ಅಂದಿನಿಂದ ಪರಿಶೀಲಕರ ಟಿಪ್ಪಣಿ ಬಂದರೆ ಫೈಲ್ ತೆರೆಯದೆ ಎರಡು-ಮೂರು ದಿನ ಮುಂದೂಡುತ್ತಿದ್ದರು. ಬೆಳಿಗ್ಗೆ ಎದ್ದು “ನಾನು ಸಮರ್ಥೆ, ನಾನು ಯಾರಿಗೂ ಕಡಿಮೆಯಿಲ್ಲ” ಎಂದು ಹತ್ತು ಸಲ ಬರೆಯುವ ಅಭ್ಯಾಸ ಇಟ್ಟುಕೊಂಡಿದ್ದರು. “ಬರೆದಷ್ಟೂ ಸುಳ್ಳು ಅನ್ನಿಸುತ್ತೆ ಮೇಡಂ” ಎಂದರು.

ಅನ್ನಿಸುವುದು ಸಹಜವೇ. ತಮ್ಮ ಬಗ್ಗೆ ಮೊದಲೇ ಕೀಳು ಅಭಿಪ್ರಾಯ ಇರುವವರು ಇಂಥ ಹೊಗಳಿಕೆಯ ವಾಕ್ಯ ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಬಹುದು ಎಂದು 2009ರ ಒಂದು ಪ್ರಯೋಗದಲ್ಲಿ ಕಂಡುಬಂದಿದೆ. ವಾಕ್ಯ ಒಂದು ದಾವೆ ಹೂಡುತ್ತದೆ, ಮನಸ್ಸು ಅದಕ್ಕೆ ವಿರುದ್ಧ ಸಾಕ್ಷಿ ಹುಡುಕಲು ಹೊರಡುತ್ತದೆ.

ಆತ್ಮಗೌರವ ಅಳೆಯಲು ರೋಸೆನ್‌ಬರ್ಗ್ 1965ರಲ್ಲಿ ರೂಪಿಸಿದ 10 ಹೇಳಿಕೆಗಳ ಮಾಪನ ಈಗಲೂ ಬಳಕೆಯಲ್ಲಿದೆ. ಇವರಿಂದ ಅದನ್ನು ಎರಡು ಸಲ ತುಂಬಿಸಿದೆವು: ಮೇಲಧಿಕಾರಿ ಮೆಚ್ಚಿದ ವಾರ 30ಕ್ಕೆ 24, ಟಿಪ್ಪಣಿ ಬಂದ ವಾರ 13. ಅಂಕ ಕಡಿಮೆ ಎನ್ನುವುದಕ್ಕಿಂತ ಅದು ಇಷ್ಟು ಏರಿಳಿದದ್ದೇ ಮುಖ್ಯ ಎನಿಸಿತು. ಇವರ ಆತ್ಮಗೌರವ ಕೆಲಸದ ಫಲಿತಾಂಶಕ್ಕೆ ಗಂಟು ಬಿದ್ದಿತ್ತು. ಹಾಗಾಗಿ ಅದನ್ನೇ ಇನ್ನಷ್ಟು ಮೇಲಕ್ಕೆತ್ತಲು ಹೋದರೆ ಮುಂದಿನ ಟಿಪ್ಪಣಿಗೆ ಮತ್ತೆ ಕುಸಿಯುವುದು ಖಚಿತ.

ಸಂಶೋಧಕರು ಸ್ವ-ಕರುಣೆಯನ್ನು ಬೇರೆಯಾಗಿ ಇಡುವುದು ಇಲ್ಲಿಯೇ. ಆತ್ಮಗೌರವ ಎಂದರೆ ನಮಗೆ ನಾವೇ ಕೊಟ್ಟುಕೊಳ್ಳುವ ಮೌಲ್ಯಮಾಪನ. ಸ್ವ-ಕರುಣೆಯಲ್ಲಿ ಮೌಲ್ಯಮಾಪನವೇ ಇಲ್ಲ. ಸೋತಾಗ ನಮ್ಮೊಂದಿಗೆ ಹೇಗೆ ನಡೆದುಕೊಳ್ಳುತ್ತೇವೆ ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ಕ್ರಿಸ್ಟಿನ್ ನೆಫ್ 2003ರಲ್ಲಿ ಕೊಟ್ಟ ಮಾಪನದಲ್ಲಿ ಇದಕ್ಕೆ ಮೂರು ಭಾಗಗಳಿವೆ: ತನ್ನೊಂದಿಗೆ ದಯೆ, ಎಡವುವುದು ಎಲ್ಲ ಮನುಷ್ಯರಿಗೂ ಇದ್ದದ್ದೇ ಎಂಬ ಅರಿವು, ನೋವನ್ನು ಹಿಗ್ಗಿಸದೆ ಮುಚ್ಚಿಡದೆ ನೋಡುವುದು. ನೆಫ್ ಮತ್ತು ವೋಂಕ್ 2009ರಲ್ಲಿ ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಸ್ವ-ಕರುಣೆ ಇದ್ದವರ ಸ್ವಮೌಲ್ಯದ ಭಾವನೆ ಹೆಚ್ಚು ಸ್ಥಿರವಾಗಿತ್ತು. ಆತ್ಮಪ್ರೇಮದ ಅಹಂ ಆತ್ಮಗೌರವದೊಂದಿಗೆ ನಂಟು ತೋರಿತು, ಸ್ವ-ಕರುಣೆಯೊಂದಿಗೆ ತೋರಲಿಲ್ಲ. ಹಾಗೆಂದು ಎರಡೂ ಪೂರ್ತಿ ಬೇರೆ ಬೇರೆಯಲ್ಲ. ಒಂದು ಹೆಚ್ಚಿರುವವರಲ್ಲಿ ಸಾಮಾನ್ಯವಾಗಿ ಇನ್ನೊಂದೂ ಹೆಚ್ಚಿರುತ್ತದೆ. ನೆಫ್ ಮಾಪನದ ನಕಾರಾತ್ಮಕ ಹೇಳಿಕೆಗಳು ಬರೀ ಆತಂಕ, ಖಿನ್ನತೆಗಳನ್ನೇ ಅಳೆಯುತ್ತಿವೆ ಎಂಬ ಆಕ್ಷೇಪವೂ ಇದೆ, ಅದರಲ್ಲಿ ಹುರುಳಿಲ್ಲದಿಲ್ಲ.

“ನನ್ನನ್ನು ನಾನೇ ಕ್ಷಮಿಸಿಕೊಂಡರೆ ಸೋಮಾರಿಯಾಗಲ್ವಾ?” ಎಂದು ಕೇಳಿದರು. ಬ್ರೈನ್ಸ್ ಮತ್ತು ಚೆನ್ 2012ರಲ್ಲಿ ವಿದ್ಯಾರ್ಥಿಗಳಿಗೆ ಕಠಿಣ ಪದಪರೀಕ್ಷೆ ಕೊಟ್ಟು ಇದನ್ನೇ ನೋಡಿದ್ದರು. ಒಂದು ಗುಂಪಿಗೆ “ಇದು ಹಲವರಿಗೆ ಕಷ್ಟವಾಗುತ್ತದೆ, ನಿಮ್ಮನ್ನು ಹಳಿದುಕೊಳ್ಳಬೇಡಿ” ಎಂದರು. ಇನ್ನೊಂದಕ್ಕೆ “ಈ ವಿಶ್ವವಿದ್ಯಾಲಯಕ್ಕೆ ಸೇರಿದ್ದೀರಿ ಎಂದರೆ ಬುದ್ಧಿವಂತರೇ” ಎಂದರು. ಮರುಪರೀಕ್ಷೆಗೆ ಹೆಚ್ಚು ಹೊತ್ತು ಓದಿದ್ದು ಮೊದಲ ಗುಂಪು.

ಕೊಟ್ಟ ಸಲಹೆ ಇಷ್ಟು. ಬೆಳಗಿನ ವಾಕ್ಯಗಳನ್ನು ನಿಲ್ಲಿಸಬೇಕು. ಟಿಪ್ಪಣಿ ಬಂದ ದಿನವೇ 15 ನಿಮಿಷ ಕುಳಿತು ಬರೆಯಬೇಕು. ಮೊದಲು ನಡೆದದ್ದು ಮಾತ್ರ, ವಿಶೇಷಣವಿಲ್ಲದೆ: “ಭಾರದ ಲೆಕ್ಕದಲ್ಲಿ ಒಂದು ಸಂಖ್ಯೆ ತಪ್ಪಾಗಿತ್ತು, ಎದೆ ಬಿಗಿಯಾಯಿತು.” ಆಮೇಲೆ, ಈ ಕೆಲಸದಲ್ಲಿ ಬೇರೆಯವರಿಗೂ ಇಂಥದ್ದು ಹೇಗೆಲ್ಲ ಆಗುತ್ತದೆ ಎಂಬುದು, ಪರಿಶೀಲನೆ ಎಂಬ ಹಂತ ಇರುವುದೇ ಆ ಕಾರಣಕ್ಕೆ. ಆಮೇಲೆ, ಇದೇ ತಪ್ಪು ಮಾಡಿದ ಸಹೋದ್ಯೋಗಿಗೆ ಏನು ಹೇಳುತ್ತಿದ್ದರೋ ಅದನ್ನೇ ತಮಗೆ. ಕೊನೆಯ ಸಾಲು ಮುಂದಿನ ಕೆಲಸ: ಯಾವ ಫೈಲ್, ಯಾವ ಹೊತ್ತಿಗೆ.

ಮೊದಲ ವಾರ ಬರೆದು ತಂದದ್ದನ್ನು ಓದಿದರೆ ಮೂರನೆಯ ಭಾಗ ಪೂರ್ತಿ “ನೀನು ಜಾಣೆ, ಎಲ್ಲರಿಗಿಂತ ಚೆನ್ನಾಗಿ ಮಾಡ್ತೀಯ” ಎಂದಿತ್ತು. ಹಳೆಯ ಮೌಲ್ಯಮಾಪನವೇ ಹೊಸ ಹೆಸರಿನಲ್ಲಿ ಬಂದಿತ್ತು. ಹೋಲಿಕೆ, ಹೊಗಳಿಕೆ ಕಂಡಲ್ಲೆಲ್ಲ ಗೆರೆ ಎಳೆಸಿ, ಆ ಜಾಗದಲ್ಲಿ “ಇದು ಬೇಸರದ್ದೇ, ಒಟ್ಟಿಗೆ ನೋಡೋಣ” ಎಂಬಂಥ ಮಾತು ಬರೆಸಿದೆವು. ಇನ್ನೊಂದು ದಾರಿತಪ್ಪುವಿಕೆ ಸ್ವಮರುಕ: “ನನಗೇ ಯಾಕೆ ಹೀಗೆ” ಎಂದು ಶುರುವಾದರೆ ಎರಡನೆಯ ಭಾಗ ಬಿಟ್ಟುಹೋಗಿದೆ ಎಂದರ್ಥ. ಕೊನೆಯ ಸಾಲು ಖಾಲಿ ಉಳಿದರೆ ಅಭ್ಯಾಸ ನೆಪವಾಗುತ್ತಿದೆ.

ಎರಡನೆಯ ವಾರ ಮೃದುವಾದ ಮಾತು ಬರೆಯುವಾಗ ಅಳು ಉಕ್ಕಿಬಂತು. ಸದಾ ಬೈಸಿಕೊಂಡು ಬೆಳೆದವರಲ್ಲಿ ಇದು ಆಗುತ್ತದೆ. ದಯೆಯೇ ಹಳೆಯ ನೋವನ್ನು ಕೆದಕುತ್ತದೆ. ಆಗ ಸಮಯವನ್ನು 5 ನಿಮಿಷಕ್ಕೆ ಇಳಿಸಿ, ಮೊದಲ ಎರಡು ಭಾಗ ಮಾತ್ರ ಮುಂದುವರಿಸಲು ಹೇಳಿದೆವು. ನಿದ್ರೆ, ಹಸಿವು ಕೆಟ್ಟು ಎರಡು ವಾರ ಕಳೆದರೆ ಅಥವಾ ಸಾಯುವ ಯೋಚನೆ ಸುಳಿದರೆ ಈ ಬರವಣಿಗೆ ಸಾಲದು, ಮನೋವೈದ್ಯರನ್ನು ಕಾಣಲೇಬೇಕು ಎಂದೂ ತಿಳಿಸಿದ್ದೆವು. ಇವರಿಗೆ ಆ ಸ್ಥಿತಿ ಬರಲಿಲ್ಲ.

ಎಂಟನೆಯ ವಾರಕ್ಕೆ ರೋಸೆನ್‌ಬರ್ಗ್ ಅಂಕ 19. ಮೆಚ್ಚುಗೆಯ ವಾರದ 24ಕ್ಕಿಂತ ಕಡಿಮೆಯೇ, ಆದರೆ ಅದು ಟಿಪ್ಪಣಿ ಬಂದ ವಾರದಲ್ಲಿ ತುಂಬಿಸಿದ್ದು. ಟಿಪ್ಪಣಿಯ ಫೈಲ್ ಈಗ ಅದೇ ದಿನ ತೆರೆಯುತ್ತದೆ. ಸಭೆಯಲ್ಲಿ ಎಲ್ಲರೆದುರು ತಪ್ಪು ಎತ್ತಿ ತೋರಿಸಿದಾಗ ಮಾತ್ರ ಇನ್ನೂ ಹಳೆಯ ಕುಸಿತವೇ. ಮುಂದಿನ ಭೇಟಿಗಳನ್ನು ಅದಕ್ಕೆಂದು ಇಟ್ಟುಕೊಂಡಿದ್ದೇವೆ.